ಪೇಪರ್ಸ್, ಪ್ಲೀಸ್ ಆಟದ ಅರ್ಥ ಇರುವುದು ಕಥೆಯಲ್ಲೋ, ನಿಯಮದಲ್ಲೋ?

ಕೆಂಪುಮುದ್ರೆ

ಸೆಮಿನಾರಿಗೆ ಒಂದು ಪ್ರಬಂಧ ಬರೆಯುತ್ತಿದ್ದೇನೆ, ಮಧ್ಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಆಯ್ಕೆ ಮಾಡಿಕೊಂಡ ಆಟ ಪೇಪರ್ಸ್, ಪ್ಲೀಸ್. 2013ರಲ್ಲಿ ಬಂದದ್ದು, ಲ್ಯೂಕಾಸ್ ಪೋಪ್ ಮಾಡಿದ್ದು. ಆಡದವರಿಗೆ ಎರಡೇ ಸಾಲು: ನೀವು ಆರ್ಸ್ಟೋಟ್ಸ್ಕಾ ಅನ್ನುವ ಕಾಲ್ಪನಿಕ ದೇಶದ ಗಡಿಯಲ್ಲಿ ಪಾಸ್‌ಪೋರ್ಟ್ ನೋಡುವ ನೌಕರ. ಕಾಗದ ಸರಿ ಇದ್ದರೆ ಹಸಿರು ಮುದ್ರೆ, ಇಲ್ಲದಿದ್ದರೆ ಕೆಂಪು.

ಮೊದಲ ದಿನಗಳಲ್ಲೇ ಒಬ್ಬ ಗಂಡಸು ಬರುತ್ತಾನೆ. ಅವನ ಕಾಗದ ಎಲ್ಲಾ ಸರಿ. ಹೋಗುವಾಗ, ಹಿಂದೆ ನನ್ನ ಹೆಂಡತಿ ಬರುತ್ತಿದ್ದಾಳೆ, ಸ್ವಲ್ಪ ನೋಡಿಕೊಳ್ಳಿ ಅನ್ನುತ್ತಾನೆ. ಅವಳು ಬಂದರೆ ಪ್ರವೇಶ ಪರವಾನಗಿಯೇ ಇಲ್ಲ. ವಾಪಸ್ ಕಳಿಸಿದರೆ ನನ್ನನ್ನು ಕೊಲ್ಲುತ್ತಾರೆ ಅಂತ ಬೇಡುತ್ತಾಳೆ. ನಾನು ಒಳಗೆ ಬಿಟ್ಟೆ. ಪ್ರಿಂಟರ್ ಕರಕರ ಅಂತ ತಪ್ಪಿನ ಚೀಟಿ ಉಗುಳಿತು, 5 ಕ್ರೆಡಿಟ್ ಹೋಯಿತು. ಆ ರಾತ್ರಿ ಮನೆಗೆ ಬಿಸಿ ಹಾಕಿಸಲು ದುಡ್ಡು ಸಾಲಲಿಲ್ಲ.

ನನಗೆ ಇದು ಅಪ್ಪಟ ಕಥೆ ಅನಿಸಿತು. ಹಾಗೇ ಬರೆದೆ. ಓದಿದ ಮೇಷ್ಟ್ರು ಅಂಚಿನಲ್ಲಿ "ಇದು ಆಟದ ವಿಶ್ಲೇಷಣೆ ಅಲ್ಲ, ನಾಟಕದ ವಿಶ್ಲೇಷಣೆ. ಲುಡಾಲಜಿಯವರು ಇದಕ್ಕೆ ಏನು ಹೇಳುತ್ತಿದ್ದರು?" ಅಂತ ಗೀಚಿದ್ದಾರೆ. ಆಟವನ್ನು ನಿಯಮವಾಗಿ ನೋಡುವ ಲುಡಾಲಜಿ, ಕಥೆಯಾಗಿ ನೋಡುವ ನರೇಟಾಲಜಿ, ಇವೆರಡರ ಜಗಳದ ಬಗ್ಗೆ ಓದಿದ್ದೇನೆ, ಆದರೆ ಈ ಆಟಕ್ಕೆ ಅದನ್ನು ಹೇಗೆ ಹಚ್ಚುವುದು ಗೊತ್ತಾಗುತ್ತಿಲ್ಲ.

ಮಿಂಚುಹುಳ

ಕಥೆ ಚೆನ್ನಾಗಿರುವ ಆಟ ಬೇಕಾದರೆ ಇದಕ್ಕಿಂತ ಬೇಕಾದಷ್ಟು ಇವೆ. ಪಟ್ಟಿ ಕೊಡಲಾ?

ಕೆಂಪುಮುದ್ರೆ

ಬೇಡ ಮಾರಾಯ, ಆಟ ಹುಡುಕುತ್ತಿಲ್ಲ.

ಹಳೇಜಾಯ್‌ಸ್ಟಿಕ್

ಜಗಳ ಬಹಳ ಸರಳ. ಜಾನೆಟ್ ಮರ್ರೆ 1997ರಲ್ಲಿ ಪುಸ್ತಕ ಬರೆದು ಎಲ್ಲಾ ಆಟವೂ ಕಥೆ ಅಂದರು. ಟೆಟ್ರಿಸ್ ಕೂಡ ಕಥೆಯಂತೆ! ಮೇಲಿಂದ ಬೀಳುವ ಇಟ್ಟಿಗೆ ಅಂದರೆ 90ರ ದಶಕದ ಅಮೆರಿಕದವರ ತಲೆ ಮೇಲೆ ಬೀಳುವ ಕೆಲಸದ ಹೊರೆಯಂತೆ. ಆಗ ಗೊನ್ಸಾಲೊ ಫ್ರಾಸ್ಕಾ ಲುಡಾಲಜಿ ಅನ್ನುವ ಪದ ಹುಟ್ಟಿಸಿ, ಆಟದಲ್ಲಿ ಕಥೆಯೇ ಇಲ್ಲ, ನಿಯಮ ಮಾತ್ರ ಇದೆ ಅಂದ. ಕೊನೆಗೆ ಲುಡಾಲಜಿ ಗೆದ್ದಿತು. ನಿಮ್ಮ ಮೇಷ್ಟ್ರು ಹೇಳಿದ್ದು ಸರಿ. ಆ ಗಂಡ ಹೆಂಡತಿಯನ್ನು ಬಿಟ್ಟು ಬರೀ ಮುದ್ರೆ ಹಾಕುವುದರ ಬಗ್ಗೆ ಬರೆಯಿರಿ.

ನಡುಮನೆ

ಜಾಯ್‌ಸ್ಟಿಕ್ ಸರ್, ಅರ್ಧ ಸರಿ. ಇನ್ನರ್ಧ ಇವರ ಪ್ರಬಂಧವನ್ನು ಹಾಳುಮಾಡುತ್ತದೆ, ಅದಕ್ಕೇ ಹೇಳುತ್ತಿದ್ದೇನೆ.

ಟೆಟ್ರಿಸ್ ವಿಷಯ ನಿಜ, ಮರ್ರೆ ಹಾಗೆ ಓದಿದ್ದರು. ಅದನ್ನು 2001ರಲ್ಲಿ ಮಾರ್ಕು ಎಸ್ಕೆಲಿನೆನ್ ಹಿಡಿದು ಜಾಡಿಸಿದ. ಗೇಮ್ ಸ್ಟಡೀಸ್ ಪತ್ರಿಕೆಯ ಮೊದಲ ಸಂಚಿಕೆಯಲ್ಲೇ. ನಾನು ನಿನ್ನ ಕಡೆ ಚೆಂಡು ಎಸೆದರೆ ನೀನು ಅದನ್ನು ಕೆಳಗೆ ಬಿಟ್ಟು ಅದು ಕಥೆ ಹೇಳಲಿ ಅಂತ ಕಾಯುತ್ತೀಯಾ, ಅನ್ನುವ ಧಾಟಿ ಅವನದು. ಆದರೆ ಫ್ರಾಸ್ಕಾ ಪದ ಹುಟ್ಟಿಸಲಿಲ್ಲ. ಪದ ಮೊದಲೇ ಅಲ್ಲಿ ಇಲ್ಲಿ ಇತ್ತು. 1999ರ ತನ್ನ ಲೇಖನದಲ್ಲಿ ಅದನ್ನು ಚಾಲ್ತಿಗೆ ತಂದ, ಅಷ್ಟೇ. ಆ ಲೇಖನದಲ್ಲಿ ಕಥೆಯ ಅಧ್ಯಯನವನ್ನು ಓಡಿಸಿ ಅಂತಲೂ ಇಲ್ಲ, ಅದರ ಜೊತೆಗೆ ಇದೂ ಇರಲಿ ಅಂತ ಇದೆ. 2003ರಲ್ಲಿ ಅವನೇ ಇನ್ನೊಂದು ಲೇಖನ ಬರೆದು, ನಮಗೂ ಕಥೆ ಇಷ್ಟ, ಈ ಜಗಳ ನಡೆದೇ ಇಲ್ಲ ಅಂದ. ಮರ್ರೆ ಕೂಡ 2005ರಲ್ಲಿ ಹೆಚ್ಚುಕಡಿಮೆ ಇದೇ ಮಾತು ಹೇಳಿದರು, ಸ್ವಲ್ಪ ಸಿಟ್ಟಿನಲ್ಲಿ. ತನಗೆ ಅಂಟಿಸಿದ ಬಿರುದು ಅವರಿಗೆ ಒಪ್ಪಿಗೆ ಇರಲಿಲ್ಲ.

ಆದ್ದರಿಂದ ಯಾರು ಗೆದ್ದರು ಅನ್ನುವುದನ್ನು ಬಿಡಿ. ಆ ಜಗಳದಿಂದ ಕೆಲಸಕ್ಕೆ ಬರುವ ಪ್ರಶ್ನೆ ಒಂದೇ. ಲುಡಾಲಜಿ ಪಕ್ಷದ ಎಸ್ಪೆನ್ ಆರ್ಸೆತ್, ಟೂಂಬ್ ರೈಡರ್ ಆಟದ ನಾಯಕಿ ಲಾರಾ ಕ್ರಾಫ್ಟ್ ಬಗ್ಗೆ, ಅವಳ ದೇಹ ಬೇರೆ ಥರ ಇದ್ದರೂ ನಾನು ಆಡುವ ರೀತಿ ಬದಲಾಗುವುದಿಲ್ಲ ಅಂದಿದ್ದ. ಅಂದರೆ ಮೇಲಿನ ಹೊದಿಕೆ ಬದಲಿಸಿ ನೋಡು, ಏನು ಉಳಿಯುತ್ತದೆ? ನಿಮ್ಮ ಆಟಕ್ಕೆ ಇದನ್ನೇ ಕೇಳಿ.

ಇನ್ನೊಂದು, ಕೆಂಪುಮುದ್ರೆಯವರೇ. 5 ಕ್ರೆಡಿಟ್ ಹೋಯಿತು ಅಂದಿರಿ. ಹಾಗೆ ಆಗುವುದಿಲ್ಲವಲ್ಲ? ದಿನದ ಮೊದಲ ಎರಡು ತಪ್ಪಿಗೆ ಬರೀ ಎಚ್ಚರಿಕೆ. ದಂಡ ಶುರುವಾಗುವುದು ಮೂರನೆಯದರಿಂದ.

ಕೆಂಪುಮುದ್ರೆ

ಅಯ್ಯೋ ಹೌದು. ಅವಳ ಸರದಿ ಬರುವ ಹೊತ್ತಿಗೆ ನಾನು ಆಗಲೇ ಎರಡು ತಪ್ಪು ಮಾಡಿದ್ದೆ. ಒಂದು ಅವಧಿ ಮುಗಿದ ಪಾಸ್‌ಪೋರ್ಟ್, ಇನ್ನೊಂದು ಕಾಗದ ಕೊಟ್ಟ ಊರಿನ ಹೆಸರು ತಪ್ಪು. ಅವಳದು ಮೂರನೆಯದು.

ನಡುಮನೆ

ಹಾಗಾದರೆ ನಿಮ್ಮ ಪ್ರಬಂಧ ಅಲ್ಲೇ ಇದೆ! ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅವಳ ಮಾತು ಎಲ್ಲರಿಗೂ ಒಂದೇ. ನನಗೂ ಅದೇ ನಾಲ್ಕು ಸಾಲು, ನಿಮಗೂ ಅದೇ. ನಾನು ಆ ದಿನ ತಪ್ಪೇ ಮಾಡಿರಲಿಲ್ಲ. ನನಗೆ ಅವಳನ್ನು ಬಿಡಲು ಒಂದು ಎಚ್ಚರಿಕೆ ಚೀಟಿ ಸಾಕಾಯಿತು, ದಂಡ ಸೊನ್ನೆ. ನಿಮಗೆ 5 ಆಯಿತು. ಅವಳ ಜೀವದ ಬೆಲೆ ಬದಲಾದದ್ದು ಅವಳಿಂದ ಅಲ್ಲ, ಬೆಳಿಗ್ಗೆ ಯಾವನದೋ ಪಾಸ್‌ಪೋರ್ಟಿನ ತಾರೀಕು ನೀವು ನೋಡದೆ ಬಿಟ್ಟದ್ದರಿಂದ. ಇದನ್ನು ಆಟ ಎಲ್ಲೂ ಮಾತಿನಲ್ಲಿ ಹೇಳುವುದಿಲ್ಲ. ಸಂಭಾಷಣೆ ಪೂರ್ತಿ ಬರೆದುಕೊಂಡು ಓದಿದರೂ ಸಿಗುವುದಿಲ್ಲ. ಆಡಿದವನ ಕೈಯಲ್ಲಿ ಮಾತ್ರ ಇರುವ ವಿಷಯ.

ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಒಂದು ವಾರ ಆಡಿದ ಮೇಲೆ ಆ ಎರಡು ಎಚ್ಚರಿಕೆಗಳನ್ನು ನೀವು ಏನು ಮಾಡಿದಿರಿ?

ಕೆಂಪುಮುದ್ರೆ

ಉಳಿಸಿಕೊಳ್ಳತೊಡಗಿದೆ. ಯಾರಾದರೂ ಪಾಪ ಅನಿಸುವವರು ಬಂದರೆ ಇರಲಿ ಅಂತ. ಆಮೇಲೆ ನಿಯಮ ಜಾಸ್ತಿ ಆದಾಗ ನನ್ನ ಸ್ವಂತ ತಪ್ಪಿಗೇ ಬೇಕಾಗುತ್ತಿತ್ತು. ಆಗ ಪಾಪದವರನ್ನೂ ಬಿಡಲಿಲ್ಲ.

ನಡುಮನೆ

ಕರುಣೆಗೆ ದಿನಕ್ಕೆ ಎರಡು ಚೀಟಿಯ ರೇಷನ್. ಅದನ್ನು ಬರೆಯಿರಿ.

ದ್ವಿತೀಯದರ್ಜೆ

ನಾನು ಆಟ ಆಡುವವನಲ್ಲ, ಮಗಳು ಆಡುವಾಗ ಹಿಂದೆ ನಿಂತು ನೋಡಿದ್ದೇನೆ. ನೋಡಿ ಕೈ ತಣ್ಣಗಾಯಿತು. ನಾನು ಹದಿನಾಲ್ಕು ವರ್ಷ ಒಂದು ಕಚೇರಿಯಲ್ಲಿ ಅರ್ಜಿ ಪರಿಶೀಲಿಸುವ ಮೇಜಿನಲ್ಲಿ ಕೂತಿದ್ದೆ. ಯಾವುದು ಅಂತ ಹೇಳುವುದಿಲ್ಲ. ದಿನಕ್ಕೆ ಇಷ್ಟು ಕಡತ ಮುಗಿಯಬೇಕು ಅಂತ ಇತ್ತು. ಮೊದಲ ವರ್ಷ ಅರ್ಜಿದಾರನ ಮುಖ ನೋಡುತ್ತಿದ್ದೆ. ಆಮೇಲೆ ಬರೀ ಸಹಿ, ತಾರೀಕು, ಲಗತ್ತು. ಹೊಣೆ ತಪ್ಪಿಸಿಕೊಳ್ಳುವುದಕ್ಕೆ ಸುಲಭದ ದಾರಿ ತಿರಸ್ಕರಿಸುವುದು. ತಪ್ಪಾಗಿ ಮಂಜೂರು ಮಾಡಿದರೆ ಮೆಮೊ ಬರುತ್ತಿತ್ತು. ತಪ್ಪಾಗಿ ವಾಪಸ್ ಕಳಿಸಿದರೆ ಯಾರೂ ಕೇಳುತ್ತಿರಲಿಲ್ಲ.

ನಿಮ್ಮ ಆ ಎರಡು ಶಾಸ್ತ್ರ ನನಗೆ ಅರ್ಥ ಆಗಲಿಲ್ಲ. ಆದರೆ ಅದು ಕಥೆಯಂತೂ ಅಲ್ಲ ಸ್ವಾಮಿ, ಕೆಲಸ ಅದು.

ನಡುಮನೆ

ಸರ್, ನೀವು ಹೇಳಿದ್ದರಲ್ಲಿ ಒಂದು ವ್ಯತ್ಯಾಸ ಇದೆ, ಅದು ಕುತೂಹಲದ್ದು. ಈ ಆಟದಲ್ಲಿ ತಪ್ಪಾಗಿ ವಾಪಸ್ ಕಳಿಸಿದರೂ ಚೀಟಿ ಬರುತ್ತದೆ. ಅಂದರೆ ಲ್ಯೂಕಾಸ್ ಪೋಪ್ ಮಾಡಿದ ಸರ್ಕಾರ ನಿಮ್ಮ ಕಚೇರಿಗಿಂತ ನ್ಯಾಯವಾಗಿದೆ :)

ದ್ವಿತೀಯದರ್ಜೆ

ಹಾಗಾದರೆ ಅವನಿಗೆ ಕಚೇರಿ ಗೊತ್ತಿಲ್ಲ.

ತಿರುಗುಬಾಣ

ನಾನು ಇದನ್ನು ಮೂರು ಸಲ ಮುಗಿಸಿದ್ದೇನೆ. ಅಳು ಬರಲಿಲ್ಲ, ಪಾಪಪ್ರಜ್ಞೆಯೂ ಇಲ್ಲ. ಇದು ವ್ಯತ್ಯಾಸ ಪತ್ತೆಹಚ್ಚುವ ಆಟ ಅಷ್ಟೇ. ಫೋಟೊ ಹೊಂದುತ್ತಾ, ತೂಕ ಹೊಂದುತ್ತಾ, ಸೀಲು ಹೊಂದುತ್ತಾ. ಮೇಜು ಚಿಕ್ಕದು, ಕಾಗದ ಒಂದರ ಮೇಲೊಂದು ಬೀಳುತ್ತವೆ. ಅವನ್ನು ಯಾವ ಜಾಗದಲ್ಲಿ ಇಡಬೇಕು ಅಂತ ಕೈಗೆ ಅಭ್ಯಾಸ ಆದರೆ ಅರ್ಧ ಗೆದ್ದಂತೆ. ಪಾಸ್‌ಪೋರ್ಟ್ ಎಡಕ್ಕೆ, ನಿಯಮದ ಪುಸ್ತಕ ಕೆಳಗೆ, ಪರವಾನಗಿ ಬಲಕ್ಕೆ. ಆ ಹೆಂಗಸು ಬಂದಾಗ ನಾನು ಮಾತು ಓದಲೇ ಇಲ್ಲ. ಪರವಾನಗಿ ಇಲ್ಲ, ಕೆಂಪು, ಮುಂದೆ ಬನ್ನಿ. ನೀವೆಲ್ಲ ಏನೇನೋ ತುಂಬುತ್ತಿದ್ದೀರಿ. ಟೆಟ್ರಿಸ್‌ಗೆ ಮರ್ರೆ ಮಾಡಿದ್ದೂ ಇದೇ ತಾನೇ?

ಮಳೆಗಾಲ

ತಿರುಗುಬಾಣ, ಮಾತು ಓದಲೇ ಇಲ್ಲ ಅಂದೆಯಲ್ಲ. ಅದೇ ಕಣೋ ಆಟ.

ತಿರುಗುಬಾಣ

ಇದು ಮೋಸದ ವಾದ. ನಾನು ಅತ್ತರೂ ಆಟ ಗೆದ್ದಿತು, ಅಳದಿದ್ದರೂ ಗೆದ್ದಿತು. ಹಾಗಾದರೆ ಸೋಲುವುದು ಯಾವಾಗ?

ನಡುಮನೆ

ಇಲ್ಲಿ ನಾನು ತಿರುಗುಬಾಣನ ಪಕ್ಷ. ಇಯಾನ್ ಬೊಗೊಸ್ಟ್ 2007ರ ಪುಸ್ತಕದಲ್ಲಿ, ನಿಯಮಗಳೇ ವಾದ ಮಾಡುತ್ತವೆ ಅಂದಿದ್ದರು. ಅದನ್ನು ಹಿಡಿದುಕೊಂಡು ಎಲ್ಲರೂ ಆಟದ ನಿಯಮ ಓದಿ ಅರ್ಥ ಇದೇ ಅಂತ ತೀರ್ಪು ಕೊಡಲು ಶುರು ಮಾಡಿದರು. 2011ರಲ್ಲಿ ಮಿಗೆಲ್ ಸಿಕಾರ್ಟ್ ಅದನ್ನು ವಿರೋಧಿಸಿ ಬರೆದ. ಹಾಗಾದರೆ ಆಡುವವನಿಗೆ ಏನು ಕೆಲಸ, ವಿನ್ಯಾಸಕಾರ ಇಟ್ಟ ಅರ್ಥವನ್ನು ಹೆಕ್ಕುವುದಷ್ಟೇನಾ ಅಂತ. ತಿರುಗುಬಾಣ ಮೂರು ಸಲ ಸಂತೋಷವಾಗಿ ಆಡಿದ್ದಾನೆ. ಅವನ ಆಟವೂ ಆಟವೇ.

ಆದರೆ ಅವನ ಪ್ರಶ್ನೆಗೆ ಪರೀಕ್ಷೆ ಮಾಡುವ ದಾರಿ ಇದೆ, ಅದೂ ಆಟದ ಒಳಗೇ. ಮುಗಿಸಿದವರಿಗೆ ಎಂಡ್‌ಲೆಸ್ ಮೋಡ್ ಗೊತ್ತು. ಅಲ್ಲಿ ಮನೆ ಇಲ್ಲ, ಬಾಡಿಗೆ ಇಲ್ಲ, ಆ ಗಂಡ ಹೆಂಡತಿಯೂ ಇಲ್ಲ. ಅದೇ ಮೇಜು, ಅದೇ ಕಾಗದ, ಅದೇ ಮುದ್ರೆ, ಕೊನೆಗೆ ಅಂಕ. ಕಥೆ ಕಿತ್ತು ನಿಯಮ ಉಳಿಸಿದ್ದಾರೆ. ಆರ್ಸೆತ್ ಕೇಳಿದ್ದನ್ನು ಆಟದವರೇ ಮಾಡಿ ಇಟ್ಟಂತಾಯಿತು. ಯಾರು ಆಡಿದ್ದೀರಿ?

ಮಳೆಗಾಲ

ನಾನು ಆಡಿದ್ದೇನೆ, ಬಹಳ. ಒಂದು ತಪ್ಪಾದರೆ ಮುಗಿಯಿತು ಅನ್ನುವ ಆಯ್ಕೆ ಇದೆಯಲ್ಲ, ಅದು. ನಿಜ ಹೇಳುತ್ತೇನೆ, ಅಲ್ಲಿ ಯಾರ ಮೇಲೂ ಕರುಣೆ ಹುಟ್ಟಲಿಲ್ಲ. ಆದರೆ ಒಂದು ವಿಷಯ ಹಾಗೇ ಇತ್ತು. ಮುಖ ಕಾಣುವುದು ನಿಲ್ಲುತ್ತದೆ. ಹತ್ತು ನಿಮಿಷ ಆದ ಮೇಲೆ ಎದುರು ನಿಂತಿರುವುದು ಮನುಷ್ಯ ಅಲ್ಲ, ತಪ್ಪು ಇರಬಹುದಾದ ಜಾಗಗಳ ಗುಂಪು. ಆ ಕುರುಡು ಕಥೆಯಿಂದ ಬಂದದ್ದಲ್ಲ, ಗಡಿಯಾರ ಮತ್ತು ಚಿಕ್ಕ ಮೇಜಿನಿಂದ ಬಂದದ್ದು. ನಾಚಿಕೆ ಮಾತ್ರ ಕಥೆಯಿಂದ ಬರುತ್ತದೆ. ಕಥೆ ಇರುವ ಆಟದಲ್ಲಿ ಕುರುಡಾದೆ ಅಂತ ಗೊತ್ತಾಗುತ್ತದೆ, ಎಂಡ್‌ಲೆಸ್‌ನಲ್ಲಿ ಗೊತ್ತೇ ಆಗುವುದಿಲ್ಲ.

ಕೆಂಪುಮುದ್ರೆ

ಮೇಡಂ, ಇದನ್ನು ಪ್ರಬಂಧದಲ್ಲಿ ಹಾಕಿಕೊಳ್ಳಲಾ?

ಮಳೆಗಾಲ

ಹಾಕಿಕೊಳ್ಳಿ. ಮಾರ್ಕ್ಸ್ ಬಂದರೆ ಅರ್ಧ ನನಗೆ.

ಹಳೇಜಾಯ್‌ಸ್ಟಿಕ್

ಸರಿ, ಪದದ ವಿಷಯ ಒಪ್ಪಿದೆ, ಎಲ್ಲೋ ಓದಿದ್ದು. ಆದರೆ ಮಳೆಗಾಲ ಅವರು ಹೇಳಿದ್ದು ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ ಅಲ್ವಾ? ಮುಖ್ಯವಾದದ್ದು ನಿಯಮದಿಂದ ಬಂತು. ಕಥೆ ಬರೀ ಮೇಲಿನ ಬಣ್ಣ.

ಕಾಗೆಗೂಡು

ಬಣ್ಣ ಅನ್ನುವುದಾದರೆ ಮನೆಯ ಲೆಕ್ಕದ ಹಾಳೆ ಏನು? ಅದು ನಿಯಮವಾ, ಕಥೆಯಾ? ದಿನದ ಕೊನೆಗೆ ಹೆಂಡತಿ, ಮಗ, ಅತ್ತೆ, ಚಿಕ್ಕಪ್ಪ ಅಂತ ನಾಲ್ಕು ಹೆಸರಿಲ್ಲದ ಸಾಲು. ಪಕ್ಕದಲ್ಲಿ ಒಂದೊಂದು ಪದ: ಚೆನ್ನಾಗಿದ್ದಾರೆ, ಹಸಿವು, ಚಳಿ, ಕಾಯಿಲೆ. ಆ ಹಾಳೆಯಲ್ಲಿ ಅವರ ಮುಖ ಇಲ್ಲ, ಮಾತಿಲ್ಲ. ಕಥೆಯ ದೃಷ್ಟಿಯಲ್ಲಿ ಇಷ್ಟು ಕಳಪೆ ಪಾತ್ರಗಳು ಎಲ್ಲೂ ಇಲ್ಲ. ಆದರೂ ಮಗನ ಮುಂದೆ 'ಕಾಯಿಲೆ' ಅಂತ ಬಂದಾಗ ನನ್ನ ಹೊಟ್ಟೆ ಚುರುಕ್ ಅಂದಿತು.

ನಡುಮನೆ

ಒಳ್ಳೆಯ ಜಾಗ ಹಿಡಿದಿರಿ. ಲೆಕ್ಕ ಹಾಕಿ ನೋಡೋಣ. ಒಬ್ಬರಿಗೆ 5 ಕ್ರೆಡಿಟ್. ಶುರುವಿನ ದಿನಗಳಲ್ಲಿ ಬಾಡಿಗೆ 20, ಊಟ 20, ಬಿಸಿ 10. ಒಟ್ಟು 50. ಅಂದರೆ ಹತ್ತು ಜನರನ್ನು ಸರಿಯಾಗಿ ಮುಗಿಸಿದರೆ ಸಮ. ಹೊಸಬನಿಗೆ ದಿನಕ್ಕೆ ಏಳೆಂಟು ಜನ ಆದರೆ ಹೆಚ್ಚು. ಎಂಟು ಜನ ಅಂದರೆ 40. ಏನಾದರೂ ಒಂದು ಬಿಡಲೇಬೇಕು. ಬಾಡಿಗೆ ಬಿಡುವ ಹಾಗಿಲ್ಲ. ಬಿಸಿ ಬಿಟ್ಟರೆ ಚಳಿ, ಚಳಿ ಮುಂದುವರಿದರೆ ಕಾಯಿಲೆ, ಕಾಯಿಲೆಗೆ ಔಷಧಿಯ ಖರ್ಚು ಬೇರೆ. ಕೈಯಲ್ಲಿ ಇದ್ದ ಅಷ್ಟಿಷ್ಟು ಉಳಿತಾಯ ಎರಡು ಮೂರು ದಿನ ಇದನ್ನು ಮುಚ್ಚಿಡುತ್ತದೆ. ಆಮೇಲೆ ಗೊತ್ತಾಗುತ್ತದೆ.

ಮಗ ಅನ್ನುವ ಪದ ಇಲ್ಲದಿದ್ದರೆ ಇದು ಬರೀ ಕಳೆಯುವ ಲೆಕ್ಕ. ಲೆಕ್ಕ ಇಲ್ಲದಿದ್ದರೆ ಮಗ ಬರೀ ಒಂದು ಪದ. ಇವೆರಡನ್ನೂ ಬೇರೆ ಮಾಡಿ ಯಾವುದು ಬಣ್ಣ, ಯಾವುದು ಗೋಡೆ ಅಂತ ನನಗೆ ಹೇಳಲು ಬರುವುದಿಲ್ಲ, ಜಾಯ್‌ಸ್ಟಿಕ್ ಸರ್.

ಹಳೇಜಾಯ್‌ಸ್ಟಿಕ್

ಹಾಗಾದರೆ ಎರಡೂ ಸರಿ ಅಂತಾಯಿತು. ಎಲ್ಲಾ ಚರ್ಚೆಯೂ ಇಲ್ಲೇ ಬಂದು ನಿಲ್ಲುತ್ತದೆ, ಥೂ.

ನಡುಮನೆ

ಎರಡೂ ಸರಿ ಅನ್ನಲಿಲ್ಲ. ಯಾವ ಅನುಭವ ಯಾವುದರಿಂದ ಬಂತು ಅಂತ ಹುಡುಕಬಹುದು ಅಂದೆ. ಎಂಡ್‌ಲೆಸ್ ಒಂದು ಕಡೆ. ಇದರ ತಿರುಗುಮುರುಗು ಪರೀಕ್ಷೆಯೂ ಇದೆ. ಸೆಟ್ಟಿಂಗ್ಸ್‌ನಲ್ಲಿ ಈಸಿ ಮೋಡ್ ಇದೆಯಲ್ಲ, ಅದನ್ನು ಹಾಕಿದರೆ ದಿನಕ್ಕೆ 20 ಕ್ರೆಡಿಟ್ ಪುಕ್ಕಟೆ ಸಿಗುತ್ತದೆ. ಕಥೆಯ ಒಂದಕ್ಷರವೂ ಬದಲಾಗುವುದಿಲ್ಲ. ಕೆಂಪುಮುದ್ರೆಯವರೇ, ಇವತ್ತು ರಾತ್ರಿ ಅದರಲ್ಲಿ ಆಡಿ, ಆ ದಂಪತಿ ಬರುವವರೆಗೆ ಸಾಕು.

ಮಿಂಚುಹುಳ

ಜೋರ್ಜಿ ಬಗ್ಗೆ ಯಾರೂ ಮಾತಾಡಲಿಲ್ಲ ಯಾಕೆ? ಕೈಯಲ್ಲಿ ಬರೆದ ಪಾಸ್‌ಪೋರ್ಟ್ ತಂದು ಕೊಡುತ್ತಾನಲ್ಲ, ಕೋಬ್ರಾಸ್ತಾನ್ ಅನ್ನುವ ಇಲ್ಲದ ದೇಶದ್ದು. ವಾಪಸ್ ಕಳಿಸಿದರೂ ನಗುತ್ತಾ ಹೋಗುತ್ತಾನೆ, ಮತ್ತೆ ಬರುತ್ತಾನೆ. ನನಗೆ ಇಡೀ ಆಟದಲ್ಲಿ ಅವನೊಬ್ಬನೇ ನೆನಪಿರುವುದು.

ಕಾಗೆಗೂಡು

ಇದು ವಿಷಯದಿಂದ ಆಚೆ ಅಂದುಕೊಂಡೆ, ಆದರೆ ಅಲ್ಲ. ಉಳಿದವರಲ್ಲಿ ಹೆಚ್ಚಿನವರು ಒಂದು ಸಲ ಬಂದು ಹೋಗುವವರು. ಅವನು ಮತ್ತೆ ಮತ್ತೆ ಬರುತ್ತಾನೆ. ಅವನು ಬಂದಾಗ ಮಾತ್ರ ನಾನು ಕಾಗದಕ್ಕಿಂತ ಮೊದಲು ಮುಖ ನೋಡುತ್ತಿದ್ದೆ.

ಮಿಂಚುಹುಳ

ಅದೇ ಹೇಳಿದ್ದು ನಾನು!

ದ್ವಿತೀಯದರ್ಜೆ

ನಮ್ಮ ಮೇಜಿಗೂ ಒಬ್ಬ ಹಾಗೆ ಬರುತ್ತಿದ್ದ. ಪ್ರತಿ ಸಲ ಒಂದು ಕಾಗದ ಕಮ್ಮಿ. ಕೊನೆಗೆ ಕೊರತೆ ಇದ್ದಾಗಲೇ ಮಂಜೂರು ಮಾಡಿಬಿಟ್ಟೆ. ಮೆಮೊ ಬಂತು. ಇಟ್ಟುಕೊಂಡಿದ್ದೇನೆ ಅದನ್ನು.

ಕೆಂಪುಮುದ್ರೆ

ಆಡಿ ಬಂದೆ. ಈಸಿ ಮೋಡ್, ದಂಪತಿ ಬರುವ ದಿನದವರೆಗೆ.

ನಡುಮನೆಯವರೇ, ಅವಳನ್ನು ಬಿಟ್ಟೆ, ಆದರೆ ಯೋಚನೆಯನ್ನೇ ಮಾಡಲಿಲ್ಲ. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದರು, ಕೈಯಲ್ಲಿ ದುಡ್ಡಿತ್ತು. ಚೀಟಿ ಬಂತು, ಪಕ್ಕಕ್ಕೆ ಎಳೆದು ಹಾಕಿದೆ. ಅದೇ ಮಾತು, ಅದೇ ಹೆಂಗಸು. ಮೊದಲ ಸಲ ಮುದ್ರೆ ಹಾಕುವ ಮುಂಚೆ ಕೈ ತಡೆದಿತ್ತು, ಎರಡು ಸಲ ಹಸಿರಿನಿಂದ ಕೆಂಪಿಗೆ ಕರ್ಸರ್ ಓಡಾಡಿತ್ತು. ಈ ಸಲ ಒಳ್ಳೆಯವಳಾಗುವುದು ಸುಲಭ ಆಯಿತು, ಅದಕ್ಕೇ ಏನೂ ಅನಿಸಲಿಲ್ಲ.

ತಿರುಗುಬಾಣ

ಒಂದು ನಿಮಿಷ. ನೀವು ಆಡಿದ್ದು ಎರಡನೇ ಸಲ. ಅವಳು ಬರುತ್ತಾಳೆ, ಏನು ಹೇಳುತ್ತಾಳೆ ಅಂತ ಮೊದಲೇ ಗೊತ್ತು. ಅನಿಸದೇ ಇದ್ದದ್ದು 20 ಕ್ರೆಡಿಟ್‌ನಿಂದಲೋ, ಕಥೆ ಹಳೆಯದಾದ್ದರಿಂದಲೋ? ಪರೀಕ್ಷೆ ಕೆಟ್ಟಿತು. ಒಮ್ಮೆಯೂ ಆಡದವರಲ್ಲಿ ಅರ್ಧ ಜನರಿಗೆ ಈಸಿ, ಅರ್ಧ ಜನರಿಗೆ ಮಾಮೂಲು ಕೊಟ್ಟು ನೋಡಬೇಕು.

ನಡುಮನೆ

ಒಪ್ಪಿದೆ. ಅದು ನನಗೆ ಹೊಳೆಯಲಿಲ್ಲ. ಪ್ರಬಂಧದಲ್ಲಿ ಈ ಮಿತಿಯನ್ನು ಹಾಗೇ ಬರೆದುಬಿಡಿ, ಮುಚ್ಚಬೇಡಿ.

ಮಳೆಗಾಲ

ಇನ್ನೂ ಒಂದು ತೊಡಕು. ಕೆಂಪುಮುದ್ರೆ, ಈ ಸಲ ಅವಳು ಬಂದಾಗ ನಿಮ್ಮ ತಪ್ಪು ಎಷ್ಟಾಗಿತ್ತು?

ಕೆಂಪುಮುದ್ರೆ

ಸೊನ್ನೆ. ಕೈ ಪಳಗಿದೆ.

ಮಳೆಗಾಲ

ಹಾಗಾದರೆ ದಂಡವೇ ಬೀಳುತ್ತಿರಲಿಲ್ಲ, ಈಸಿ ಇರಲಿ ಬಿಡಲಿ. ಸುಲಭ ಮಾಡಿದ್ದು 20 ಕ್ರೆಡಿಟ್ಟಾ, ನಿಮ್ಮ ಪಳಗಿದ ಕೈಯಾ?

ತಿರುಗುಬಾಣ

ಹ್ಹ. ಚೆನ್ನಾಗಿ ಕೆಲಸ ಕಲಿತವನಿಗೆ ಮಾತ್ರ ಕರುಣೆ ಅಗ್ಗ. ಮೂರು ಸಲ ಆಡಿದ ನನಗೆ ಎಲ್ಲರನ್ನೂ ಬಿಡಬಹುದಿತ್ತು, ಆದರೆ ಬಿಡಲಿಲ್ಲ.

ಕಾಗೆಗೂಡು

ಯಾಕೆ ಬಿಡಲಿಲ್ಲ?

ತಿರುಗುಬಾಣ

ಚೀಟಿ ಬರುವ ಆ ಸದ್ದು ಕೇಳಿದರೆ ಆಗುವುದಿಲ್ಲ ನನಗೆ.

ಕೆಂಪುಮುದ್ರೆ

ದಂಡ ಇಲ್ಲದಿದ್ದರೂ?

ತಿರುಗುಬಾಣ

ದಂಡ ಇಲ್ಲದಿದ್ದರೂ. ಇದನ್ನು ಪ್ರಬಂಧದಲ್ಲಿ ಹಾಕುವುದಾದರೆ ನನ್ನ ಹೆಸರು ಹಾಕಬೇಡಿ.